ಪೆನ್ನಿಗೆ ತೆರೆದ ಬೀಗ: ದೂರು ವೈರಲ್ ಆದ ಮೇಲೆ ಕಂಪನಿ ಬರೆಯುವ ಉತ್ತರ

2004ರ ಸೆಪ್ಟೆಂಬರ್ 12, ಭಾನುವಾರ. ಅಮೆರಿಕದ ಒಬ್ಬ ಸೈಕಲ್ ಸವಾರ ಇಂಟರ್‌ನೆಟ್‌ನಲ್ಲಿ ಸೈಕಲ್ ಪ್ರಿಯರು ಸೇರುವ ಜಾಗದಲ್ಲಿ ಒಂದು ಮಾತು ಬರೆದ. ತನ್ನ ದುಬಾರಿ ಕ್ರಿಪ್ಟೊನೈಟ್ ಬೀಗ ಒಂದು ಬಿಕ್ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದ ಕೆಲವೇ ಸೆಕೆಂಡುಗಳಲ್ಲಿ ತೆರೆದುಕೊಂಡಿತು ಅಂತ. ಓದಿದವರಲ್ಲಿ ಹಲವರಿಗೆ ನಂಬಿಕೆ ಬರಲಿಲ್ಲ. ಮನೆಯಲ್ಲಿದ್ದ ಪೆನ್ನು ತಗೊಂಡು ತಮ್ಮ ಬೀಗದ ಮೇಲೆ ಪ್ರಯೋಗ ಮಾಡಿದರು. ತೆರೆಯಿತು. ಒಂದೆರಡು ದಿನದಲ್ಲಿ ವಿಡಿಯೋಗಳು ಬಂದವು. ಆಗ ಯೂಟ್ಯೂಬ್ ಇಲ್ಲ, ವಾಟ್ಸಾಪ್ ಇಲ್ಲ, ಫೇಸ್‌ಬುಕ್ ಕಾಲೇಜು ಹುಡುಗರಾಚೆಗೆ ಯಾರಿಗೂ ಗೊತ್ತಿಲ್ಲ. ಆದರೂ ಸುದ್ದಿ ಲಕ್ಷಾಂತರ ಜನರಿಗೆ ಮುಟ್ಟಿತು. ಶುಕ್ರವಾರದ ಹೊತ್ತಿಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೇ ಬರೆದಾಗಿತ್ತು.

ಇಪ್ಪತ್ತು ವರ್ಷಕ್ಕಿಂತ ಹಳೆಯ ಕಥೆ ಈಗ ಯಾಕೆ ಅಂತ ಕೇಳಬಹುದು. ಗ್ರಾಹಕನ ದೂರು ಊರಿಡೀ ಹಬ್ಬಿದ ಮೇಲೆ ಕಂಪನಿಯ ಮಾರ್ಕೆಟಿಂಗ್ ಮ್ಯಾನೇಜರ್ ಕುಳಿತು ಬರೆಯುವ ನಾಲ್ಕು ಸಾಲಿನ ಉತ್ತರ ಎಲ್ಲಿ ಸರಿಹೋಗುತ್ತದೆ, ಎಲ್ಲಿ ಕೆಡುತ್ತದೆ ಅಂತ ನೋಡುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಯಾಕಂದ್ರೆ ಇಲ್ಲಿ ಕಂಪನಿ ಎರಡು ಉತ್ತರ ಕೊಟ್ಟಿತು, ಆರು ದಿನದ ಅಂತರದಲ್ಲಿ. ಮೊದಲನೆಯದು ಬೆಂಕಿಗೆ ಎಣ್ಣೆ ಸುರಿಯಿತು. ಎರಡನೆಯದು ಬೆಂಕಿ ಆರಿಸಿತು, ಆದರೆ ಅದರ ಖರ್ಚು ದೊಡ್ಡದು.

ಮೊದಲು ಬೀಗದ ವಿಷಯ. ಕ್ರಿಪ್ಟೊನೈಟ್ ಅಂದರೆ ಅಮೆರಿಕದಲ್ಲಿ ಸೈಕಲ್ ಬೀಗಕ್ಕೇ ಇನ್ನೊಂದು ಹೆಸರು. ಇಂಗ್ಲಿಷ್ ಯು ಅಕ್ಷರದ ಆಕಾರದ ಗಟ್ಟಿ ಉಕ್ಕಿನ ಸರಳು, ಅದರ ಬುಡದಲ್ಲಿ ಅಡ್ಡಪಟ್ಟಿ, ಅಡ್ಡಪಟ್ಟಿಯಲ್ಲಿ ಬೀಗ. 1970ರ ದಶಕದ ಆರಂಭದಲ್ಲಿ ಕಂಪನಿ ಶುರುವಾದಾಗ ನ್ಯೂಯಾರ್ಕಿನ ಬೀದಿಯಲ್ಲಿ ಒಂದು ಸೈಕಲ್ಲನ್ನು ಈ ಬೀಗ ಹಾಕಿ ಒಂದು ತಿಂಗಳು ಬಿಟ್ಟಿದ್ದರು. ಕಳ್ಳರು ಸೈಕಲ್ಲಿನಿಂದ ಬಿಚ್ಚಲು ಆಗುವುದನ್ನೆಲ್ಲ ಬಿಚ್ಚಿಕೊಂಡು ಹೋದರು, ಬೀಗ ಮಾತ್ರ ಜಗ್ಗಲಿಲ್ಲ. ಆ ಒಂದು ಹೆಸರಿನ ಮೇಲೆಯೇ ಮೂವತ್ತು ವರ್ಷ ವ್ಯಾಪಾರ ನಡೆಯಿತು.

ಉಕ್ಕಿನಲ್ಲಿ ದೋಷ ಇರಲಿಲ್ಲ. ದೋಷ ಇದ್ದದ್ದು ಕೀ ಹೋಗುವ ಜಾಗದಲ್ಲಿ. ಈ ಬೀಗಗಳಿಗೆ ಚಪ್ಪಟೆ ಕೀ ಅಲ್ಲ, ಉರುಟಾದ, ಒಳಗೆ ಟೊಳ್ಳಾದ ಕೀ. ಒಳಗಡೆ ಸಣ್ಣ ಸಣ್ಣ ಪಿನ್ನುಗಳು ಸ್ಪ್ರಿಂಗ್ ಮೇಲೆ ವೃತ್ತಾಕಾರದಲ್ಲಿ ಕುಳಿತಿರುತ್ತವೆ. ಕೀಯ ಅಂಚಿನಲ್ಲಿರುವ ಕಚ್ಚುಗಳು ಒಂದೊಂದು ಪಿನ್ನನ್ನೂ ಬೇಕಾದಷ್ಟೇ ಒಳಗೆ ತಳ್ಳಿದರೆ ಬೀಗ ತಿರುಗುತ್ತದೆ. ಬಾಲ್‌ಪೆನ್ನಿನ ಕೊಳವೆ ಹೆಚ್ಚುಕಮ್ಮಿ ಅದೇ ಅಳತೆಯದು. ಪ್ಲಾಸ್ಟಿಕ್ ಮೆದು ಆದ್ದರಿಂದ ಪಿನ್ನುಗಳು ಅದರ ಅಂಚಿನಲ್ಲಿ ತಮಗೆ ಬೇಕಾದ ಕಚ್ಚುಗಳನ್ನು ತಾವೇ ಒತ್ತಿಕೊಂಡುಬಿಡುತ್ತವೆ. ಅಂದರೆ ಬೀಗವೇ ತನಗೆ ಕೀ ಮಾಡಿಕೊಟ್ಟ ಹಾಗೆ.

ಕ್ರಿಪ್ಟೊನೈಟ್‌ನ ಮೊದಲ ಹೇಳಿಕೆ ಬಂದದ್ದು ಸೆಪ್ಟೆಂಬರ್ 16ರ ಗುರುವಾರ. ಅದರ ಸಾರ ಎರಡೇ ಮಾತು. ಒಂದು, ನಮ್ಮ ಈಗಿನ ಬೀಗಗಳು ಕಳ್ಳತನಕ್ಕೆ ಈಗಲೂ ಪರಿಣಾಮಕಾರಿ ತಡೆಯೇ ಹೌದು. ಎರಡು, ಇನ್ನೂ ಗಟ್ಟಿಯಾದ, ಬೇರೆ ಬಗೆಯ ಕೀ ಇರುವ ಹೊಸ ಬೀಗಗಳು ತಯಾರಾಗುತ್ತಿವೆ, ಅವು ಬೇಗ ಬರುತ್ತವೆ.

ಇದನ್ನು ಬರೆದವರು ದಡ್ಡರಾಗಿರಲಿಲ್ಲ. ಆ ಕುರ್ಚಿಯಲ್ಲಿ ಕುಳಿತವರ ಸುತ್ತ ಯಾರ್ಯಾರು ನಿಂತಿರುತ್ತಾರೆ ಅಂತ ಯೋಚಿಸಿದರೆ ಗೊತ್ತಾಗುತ್ತದೆ. ಇಂಥ ಹೊತ್ತಿನಲ್ಲಿ ಯಾವ ಕಂಪನಿಯಲ್ಲೂ ವಕೀಲ ಹೇಳುವ ಮಾತು ಒಂದೇ: ‘ದೋಷ ಇದೆ ಅಂತ ಬರೆದರೆ ನಾಳೆ ಸೈಕಲ್ ಕಳಕೊಂಡವರೆಲ್ಲ ಕೋರ್ಟಿಗೆ ಬರ್ತಾರೆ.’ ಸೇಲ್ಸ್‌ನವರು ಹೇಳುತ್ತಾರೆ: ‘ಡೀಲರ್‌ಗಳ ಹತ್ತಿರ ರಾಶಿ ಸ್ಟಾಕ್ ಇದೆ, ಅದನ್ನು ಕೊಲ್ಲಬೇಡಿ.’ ಫ್ಯಾಕ್ಟರಿಯವರು ಹೇಳುತ್ತಾರೆ: ‘ಬದಲಿ ಕೊಡ್ತೇವೆ ಅಂತ ಬರೆದುಬಿಟ್ಟರೆ ಮಾಲು ಎಲ್ಲಿಂದ ತರೋದು?’ ಮೇಲಿನವರು ಫೋನ್ ಮಾಡಿ ಕೇಳುತ್ತಾರೆ: ‘ಇನ್ನೂ ಉತ್ತರ ಯಾಕೆ ಹಾಕಿಲ್ಲ?’ ಇಷ್ಟೂ ಜನರನ್ನು ಸಮಾಧಾನ ಮಾಡುವ ಹಾಗೆ ಬರೆದರೆ ಬರುವುದು ಇಂಥದ್ದೇ ಉತ್ತರ. ಕಚೇರಿಯ ಒಳಗಿನವರಿಗೆಲ್ಲ ಒಪ್ಪಿಗೆ, ಹೊರಗಿನವನಿಗೆ ಏನೂ ಇಲ್ಲ.

ಹೊರಗಿನವನು ಯಾರು? ಬೀಗ ತಗೊಂಡವನು. ಗುರುವಾರ ಸಂಜೆ ಅವನ ತಲೆಯಲ್ಲಿ ಇದ್ದ ಪ್ರಶ್ನೆ ಒಂದೇ: ನಾಳೆ ಬೆಳಿಗ್ಗೆ ಸೈಕಲ್ ಎಲ್ಲಿ ಇಡಲಿ? ಅವನು ತನ್ನ ಮನೆಯಲ್ಲಿ ತನ್ನದೇ ಪೆನ್ನಿನಿಂದ ಬೀಗ ತೆರೆದು ನೋಡಿದ್ದಾನೆ. ಅವನಿಗೆ ಹೋಗಿ ‘ಈ ಬೀಗ ಈಗಲೂ ಪರಿಣಾಮಕಾರಿ’ ಅಂದರೆ ಅವನ ಕಣ್ಣನ್ನೇ ಸುಳ್ಳು ಅಂದ ಹಾಗೆ. ಉತ್ತರದಲ್ಲಿ ಹಾಕಿದ ಮಾತನ್ನು ಓದುಗ ಮನೆಯಲ್ಲೇ ಎರಡು ನಿಮಿಷದಲ್ಲಿ ಪರೀಕ್ಷಿಸಬಹುದಾದರೆ, ಆ ಮಾತು ಆ ಪರೀಕ್ಷೆಯಲ್ಲಿ ಪಾಸಾಗಲೇಬೇಕು. ಕ್ರಿಪ್ಟೊನೈಟ್‌ನದು ಪಾಸಾಗಲಿಲ್ಲ.

ಎರಡನೇ ಮಾತು ಇನ್ನೂ ನೋವಿನದು. ‘ಹೊಸ, ಗಟ್ಟಿ ಬೀಗ ಬರ್ತಾ ಇದೆ’ ಅಂದರೆ ಹಳೆಯದನ್ನು ತಗೊಂಡವನ ಕಿವಿಗೆ ಕೇಳಿಸುವುದು ಹೇಗೆ? ‘ಇನ್ನೊಮ್ಮೆ ದುಡ್ಡು ಕೊಡು’ ಅಂತ. ಬರೆದವರು ಅದನ್ನು ಒಳ್ಳೆಯ ಸುದ್ದಿ ಅಂದುಕೊಂಡೇ ಬರೆದಿರಬೇಕು. ಆದರೆ ಅದು ಜಾಹೀರಾತಿನ ವಾಕ್ಯ. ದೂರಿನ ಉತ್ತರದ ಒಳಗೆ ಜಾಹೀರಾತಿನ ವಾಕ್ಯ ಸೇರಿದರೆ ಮರಣದ ಮನೆಯಲ್ಲಿ ಮದುವೆ ಕಾಗದ ಹಂಚಿದ ಹಾಗಾಗುತ್ತದೆ.

ಸೆಪ್ಟೆಂಬರ್ 22ರ ಬುಧವಾರ ಎರಡನೇ ಉತ್ತರ ಬಂತು. ತೊಂದರೆ ಇರುವ ಬೀಗಗಳನ್ನು ಪುಕ್ಕಟೆ ಬದಲಾಯಿಸಿ ಕೊಡುತ್ತೇವೆ ಅಂತ. ಅಷ್ಟೇ ಬೇಕಿತ್ತು ಜನರಿಗೆ. ಮುಂದಿನ ತಿಂಗಳುಗಳಲ್ಲಿ ಹಲವು ದೇಶಗಳ ಗ್ರಾಹಕರಿಗೆ ಮೂರೂವರೆ ಲಕ್ಷಕ್ಕೂ ಹೆಚ್ಚು ಬೀಗ ಬದಲಾಯಿಸಿ ಕೊಟ್ಟರು. ಖರ್ಚು ಸುಮಾರು 1 ಕೋಟಿ ಡಾಲರ್ ಅಂತ ಫಾರ್ಚೂನ್ ಪತ್ರಿಕೆ ಅಂದಾಜು ಮಾಡಿತು. ಕಂಪನಿ ಮುಳುಗಲಿಲ್ಲ. ಇವತ್ತಿಗೂ ಅದೇ ಹೆಸರಲ್ಲಿ ಬೀಗ ಮಾರುತ್ತಿದೆ.

ಈ ಕಥೆಯನ್ನು ಮಾರ್ಕೆಟಿಂಗ್ ಪಾಠ ಮಾಡುವವರು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ: ‘ಕಂಪನಿ ಇಂಟರ್‌ನೆಟ್ ನೋಡ್ತಾನೇ ಇರಲಿಲ್ಲ, ಮಲಗಿತ್ತು.’ ಅದು ನ್ಯಾಯವಲ್ಲ. ಕಂಪನಿಯ ಸಾರ್ವಜನಿಕ ಸಂಪರ್ಕ ಮ್ಯಾನೇಜರ್ ನಂತರ ಹೇಳಿದ ಪ್ರಕಾರ, ಅವರಿಗೆ ಸುದ್ದಿ ಬೇಗನೇ ಗೊತ್ತಾಗಿತ್ತು. ಆ ದಿನಗಳಲ್ಲಿ ಅವರು ಬದಲಿ ಕೊಡುವ ವ್ಯವಸ್ಥೆ ಹೇಗೆ ಮಾಡುವುದು ಅಂತ ತಲೆಕೆಡಿಸಿಕೊಂಡಿದ್ದರು. ಅದು ಸಣ್ಣ ಕೆಲಸ ಅಲ್ಲ. ಭಾರದ ಉಕ್ಕಿನ ಬೀಗ, ಅದನ್ನು ತರಿಸಬೇಕು, ಹೊಸದನ್ನು ಕಳಿಸಬೇಕು, ಕೊರಿಯರ್ ಖರ್ಚು ಯಾರು ಕೊಡುವುದು, ಬಿಲ್ ಇಲ್ಲದವರಿಗೆ ಏನು ಮಾಡುವುದು, ಅಂಗಡಿಗಳಲ್ಲಿ ಉಳಿದ ಮಾಲು ಏನು ಮಾಡುವುದು, ಇಷ್ಟೂ ಬದಲಿ ಬೀಗ ತಯಾರಿಸಲು ಎಷ್ಟು ವಾರ ಬೇಕು. ಚಿಲ್ಲರೆ ವ್ಯಾಪಾರ ಮಾಡಿದ ಯಾರಿಗೂ ಇದು ಅರ್ಥವಾಗುತ್ತದೆ. ನಾಲ್ಕು ಪೆಟ್ಟಿಗೆ ಮಾಲು ಹೋಲ್‌ಸೇಲ್‌ನವನಿಗೆ ವಾಪಸ್ ಕೊಡುವುದೇ ಎಷ್ಟು ಗೋಳು!

ಹಾಗಾದರೆ ಅಸಲು ಪ್ರಶ್ನೆ ಇದು: ಪರಿಹಾರ ಇನ್ನೂ ಕೈಯಲ್ಲಿ ಇಲ್ಲ, ಜನ ಉತ್ತರ ಕೇಳುತ್ತಿದ್ದಾರೆ. ಆ ನಡುವಿನ ಆರು ದಿನ ಏನು ಬರೆಯಬೇಕು? ಹೆಚ್ಚಿನ ಕಂಪನಿಗಳು ಸೋಲುವುದು ಇಲ್ಲೇ. ಕೊಡಲು ಏನೂ ಇಲ್ಲದಾಗ ಸುಮ್ಮನಿರುತ್ತವೆ, ಇಲ್ಲವೇ ಪೊಳ್ಳು ಮಾತು ಹಾಕುತ್ತವೆ. ಮೂರನೇ ದಾರಿ ಒಂದಿದೆ. ಗುರುವಾರದ ದಿನ ಗೊತ್ತಿದ್ದ ಸಂಗತಿಗಳನ್ನು ಮಾತ್ರ ಇಟ್ಟುಕೊಂಡು, ಒಂದೂ ಸುಳ್ಳು ಭರವಸೆ ಇಲ್ಲದೆ ಬರೆಯಬಹುದಾಗಿದ್ದ ಉತ್ತರ ಹೆಚ್ಚುಕಮ್ಮಿ ಹೀಗಿರುತ್ತಿತ್ತು. ಇದು ಕಂಪನಿ ಬರೆದದ್ದಲ್ಲ, ತೋರಿಸುವುದಕ್ಕಾಗಿ ಕಟ್ಟಿದ ಮಾದರಿ:

‘ನಮ್ಮ ಕೆಲವು ಬೀಗಗಳನ್ನು ಕೀ ಇಲ್ಲದೆ ಸುಲಭವಾಗಿ ತೆರೆಯಬಹುದು ಎಂದು ಗ್ರಾಹಕರು ತೋರಿಸಿದ್ದಾರೆ. ನಾವೂ ಪರೀಕ್ಷಿಸಿ ನೋಡಿದೆವು. ಅವರು ಹೇಳಿದ್ದು ನಿಜ. ನಿಮ್ಮ ಕೀ ಉರುಟಾಗಿ, ಕೊಳವೆಯ ಹಾಗೆ ಇದ್ದರೆ ನಿಮ್ಮ ಬೀಗಕ್ಕೂ ಈ ತೊಂದರೆ ಇರಬಹುದು. ಚಪ್ಪಟೆ ಕೀ ಆಗಿದ್ದರೆ ಈ ತೊಂದರೆ ಇಲ್ಲ. ಉರುಟು ಕೀ ಇರುವವರು ಸದ್ಯಕ್ಕೆ ಈ ಬೀಗವೊಂದನ್ನೇ ನಂಬಿ ಸೈಕಲ್ ಹೊರಗೆ ಬಿಡಬೇಡಿ. ಬೀಗವನ್ನು ಬಿಸಾಡಬೇಡಿ, ಕೀ ಜೊತೆ ಇಟ್ಟುಕೊಳ್ಳಿ. ನಿಮ್ಮ ನಷ್ಟ ಸರಿಪಡಿಸುವುದು ಹೇಗೆ ಎಂಬುದನ್ನು ಬರುವ ಬುಧವಾರ ಸಂಜೆಯೊಳಗೆ ಇಲ್ಲೇ ತಿಳಿಸುತ್ತೇವೆ. ನಮ್ಮ ಬೀಗವನ್ನು ನಂಬಿದ ನಿಮಗೆ ಆದ ತೊಂದರೆಗೆ ಕ್ಷಮೆ ಕೇಳುತ್ತೇವೆ.’

ಇದರಲ್ಲಿ ಬದಲಿ ಕೊಡುತ್ತೇವೆ ಅನ್ನುವ ಮಾತೇ ಇಲ್ಲ, ಗಮನಿಸಿ. ಅದು ಇನ್ನೂ ತೀರ್ಮಾನ ಆಗಿಲ್ಲ, ಹಾಗಾಗಿ ಬರೆಯಲಿಲ್ಲ. ಆದರೂ ಓದಿದವನಿಗೆ ನಾಲ್ಕು ಸಂಗತಿ ಸಿಕ್ಕಿತು: ತನ್ನ ಬೀಗ ಇದರಲ್ಲಿ ಸೇರಿದೆಯೋ ಇಲ್ಲವೋ, ಇವತ್ತು ರಾತ್ರಿ ಏನು ಮಾಡಬೇಕು, ಕೈಯಲ್ಲಿರುವುದನ್ನು ಏನು ಮಾಡಬೇಕು, ಮುಂದಿನ ಸುದ್ದಿ ಯಾವಾಗ. ‘ಶೀಘ್ರದಲ್ಲೇ ತಿಳಿಸುತ್ತೇವೆ’ ಅಂತ ಬರೆದಿದ್ದರೆ ಜನ ಪ್ರತಿ ಗಂಟೆಗೊಮ್ಮೆ ಬಂದು ಕೇಳುತ್ತಾರೆ. ‘ಬುಧವಾರ ಸಂಜೆ’ ಅಂದರೆ ಬುಧವಾರದ ತನಕ ಕಾಯುತ್ತಾರೆ. ಒಂದು ಕಷ್ಟವೂ ಇದೆ. ಬುಧವಾರ ಸಂಜೆ ವ್ಯವಸ್ಥೆ ಆಗದಿದ್ದರೂ ಅಲ್ಲಿ ಹೋಗಿ ಏನಾದರೂ ಬರೆಯಲೇಬೇಕು. ಆ ದಿನ ತಪ್ಪಿದರೆ ಮೊದಲು ಬರೆದದ್ದೆಲ್ಲ ನೀರಲ್ಲಿ ಹೋಮ.

ಕೀಯ ಆಕಾರದ ವಾಕ್ಯವನ್ನು ಇನ್ನೊಮ್ಮೆ ನೋಡಬೇಕು. ಕಂಪನಿಯ ಒಳಗೆ ಬೀಗಗಳಿಗೆ ಮಾಡೆಲ್ ಹೆಸರು, ಸೀರೀಸ್ ಹೆಸರು ಇರುತ್ತದೆ. ಮ್ಯಾನೇಜರ್ ಸಹಜವಾಗಿ ಆ ಹೆಸರುಗಳನ್ನೇ ಬರೆಯುತ್ತಾರೆ. ಆದರೆ ಐದು ವರ್ಷದ ಹಿಂದೆ ತಗೊಂಡ ಬೀಗದ ಮಾಡೆಲ್ ಯಾರಿಗೆ ನೆನಪಿರುತ್ತದೆ? ಕೀ ಉರುಟೋ ಚಪ್ಪಟೆಯೋ ಅನ್ನುವುದು ಮಗುವಿಗೂ ಗೊತ್ತಾಗುತ್ತದೆ. ದೂರು ಆಹಾರ ವಸ್ತುವಿನದ್ದಾದರೆ ಈ ಕೆಲಸ ಮಾಡುವುದು ಪ್ಯಾಕೆಟ್ಟಿನ ಬ್ಯಾಚ್ ನಂಬರ್ ಮತ್ತು ತಯಾರಿಸಿದ ತಾರೀಕು. ಅದು ಪ್ಯಾಕೆಟ್ಟಿನ ಯಾವ ಮೂಲೆಯಲ್ಲಿ ಇರುತ್ತದೆ ಅಂತಲೂ ಉತ್ತರದಲ್ಲಿ ಹೇಳಬೇಕಾಗುತ್ತದೆ. ಈ ಒಂದು ವಾಕ್ಯ ಸರಿ ಇದ್ದರೆ ತೊಂದರೆ ಇಲ್ಲದ ಗ್ರಾಹಕರು ಅಲ್ಲಿಗೇ ನಿಶ್ಚಿಂತೆ ಆಗುತ್ತಾರೆ. ಫೋನ್ ಬರುವುದೂ ಕಡಿಮೆಯಾಗುತ್ತದೆ.

‘ನಾವೂ ಪರೀಕ್ಷಿಸಿ ನೋಡಿದೆವು’ ಅನ್ನುವುದನ್ನು ಬರೆಯುವ ಮೊದಲು ನಿಜಕ್ಕೂ ನೋಡಿರಬೇಕು. ಹಲವು ಕಡೆ ಮ್ಯಾನೇಜರ್ ತಾಂತ್ರಿಕ ವಿಭಾಗಕ್ಕೆ ಇಮೇಲ್ ಹಾಕಿ, ಅವರ ರಿಪೋರ್ಟ್ ಬರುವವರೆಗೆ ‘ಪರಿಶೀಲಿಸುತ್ತಿದ್ದೇವೆ’ ಅಂತ ಬರೆದು ಕುಳಿತಿರುತ್ತಾರೆ. ಬೀಗದಂಥ ವಸ್ತುವಾದರೆ ಗೋಡೌನಿಂದ ಹತ್ತು ಬೀಗ ತರಿಸಿ ಮೇಜಿನ ಮೇಲಿಟ್ಟು ತಾವೇ ನೋಡಬಹುದು. ಮಧ್ಯಾಹ್ನದ ಊಟಕ್ಕೆ ಮೊದಲು ಸತ್ಯ ಗೊತ್ತಾಗುತ್ತದೆ. ಮದ್ದು, ಬ್ಯಾಟರಿ, ಆಹಾರ ಇಂಥವಕ್ಕೆ ಲ್ಯಾಬ್ ಬೇಕು, ದಿನ ಹಿಡಿಯುತ್ತದೆ. ಅಲ್ಲಿ ‘ಪರೀಕ್ಷೆಗೆ ಕಳಿಸಿದ್ದೇವೆ, ಫಲಿತಾಂಶ ಇಂಥ ದಿನ ಬರುತ್ತದೆ, ಅಲ್ಲಿಯವರೆಗೆ ಈ ಬ್ಯಾಚಿನದ್ದನ್ನು ಬಳಸಬೇಡಿ’ ಅನ್ನುವುದೇ ಪ್ರಾಮಾಣಿಕ ಉತ್ತರ.

ಇನ್ನು, ಒಪ್ಪಿಕೊಂಡು ಬರೆದರೆ ಕಳ್ಳರಿಗೆ ನಾವೇ ಹೇಳಿಕೊಟ್ಟ ಹಾಗೆ ಆಗುವುದಿಲ್ಲವೇ ಅನ್ನುವ ವಾದ ಬರುತ್ತದೆ. ಅದಕ್ಕೇ ಮಾದರಿಯಲ್ಲಿ ಪೆನ್ನಿನ ಹೆಸರು ಎತ್ತಿಲ್ಲ. ತೊಂದರೆ ಇದೆ ಅನ್ನುವುದನ್ನು ಒಪ್ಪಬೇಕು, ಅದನ್ನು ಮಾಡುವ ವಿಧಾನ ಉತ್ತರದಲ್ಲಿ ವಿವರಿಸಬೇಕಾಗಿಲ್ಲ. ಕಳ್ಳ ಹೇಗೂ ವಿಡಿಯೋ ನೋಡಿರುತ್ತಾನೆ. ನೋಡದೆ ಇರುವವನು ಪಾಪ, ಸೈಕಲ್ ಹೊರಗೆ ಬಿಟ್ಟು ಆಫೀಸಿಗೆ ಹೋದವನು.

ಉತ್ತರದಲ್ಲಿ ಇನ್ನೊಬ್ಬರ ತಲೆಗೆ ಕಟ್ಟುವ ಆಸೆ ಬರುವುದೂ ಇದೇ ಹೊತ್ತಿನಲ್ಲಿ. ಇದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ, ಅಂಗಡಿ ಇಟ್ಟವರು ಮರೆಯದ ಉದಾಹರಣೆ. 2003ರ ಅಕ್ಟೋಬರಿನಲ್ಲಿ, ದೀಪಾವಳಿಗೆ ಸ್ವಲ್ಪ ಮೊದಲು, ಮುಂಬೈಯಲ್ಲಿ ಕ್ಯಾಡ್‌ಬರಿ ಡೈರಿ ಮಿಲ್ಕ್ ಚಾಕಲೇಟಿನಲ್ಲಿ ಹುಳ ಸಿಕ್ಕಿತು ಅಂತ ಗ್ರಾಹಕರಿಂದ ದೂರು ಬಂತು. ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ ತನಿಖೆಗೆ ಇಳಿಯಿತು, ಟಿವಿಯವರಿಗೆ ಹಬ್ಬ. ಕಂಪನಿ ಮೊದಲು ಕೊಟ್ಟ ಉತ್ತರ: ಫ್ಯಾಕ್ಟರಿಯಲ್ಲಿ ಹುಳ ಬರಲು ಸಾಧ್ಯವಿಲ್ಲ, ಅಂಗಡಿಗಳಲ್ಲಿ ಸರಿಯಾಗಿ ಇಡದೆ ಇದ್ದದ್ದೇ ಕಾರಣ ಇರಬೇಕು.

ತಾಂತ್ರಿಕವಾಗಿ ಆ ಮಾತಿನಲ್ಲಿ ಹುರುಳು ಇರಲಿಲ್ಲ ಅಂತಲ್ಲ. ಅಕ್ಕಿ, ಬೇಳೆ, ಕಡಲೆಯ ಮೂಟೆ ಪಕ್ಕದಲ್ಲಿ ಚಾಕಲೇಟ್ ಪೆಟ್ಟಿಗೆ ಇಟ್ಟರೆ ಹುಳ ಬರುವುದು ಯಾವ ದಿನಸಿ ಅಂಗಡಿಯವನಿಗೆ ಗೊತ್ತಿಲ್ಲ? ಆದರೆ ಅಧಿಕಾರಿಗಳು ಕೇಳಿದ ಮರುಪ್ರಶ್ನೆ ನೇರವಾಗಿತ್ತು: ಅಂಗಡಿಯಲ್ಲಿ ಹುಳ ಒಳಗೆ ಹೋಯಿತು ಅಂದರೆ ನಿಮ್ಮ ಪ್ಯಾಕಿಂಗ್ ಗಾಳಿಯಾಡದ ಹಾಗೆ ಇಲ್ಲ ಅಂತಲೇ ಅರ್ಥ ಅಲ್ಲವೇ, ಆ ಪ್ಯಾಕಿಂಗ್ ಯಾರದ್ದು? ಆಗಿನ ಡೈರಿ ಮಿಲ್ಕ್ ನೆನಪಿರುವವರಿಗೆ ಗೊತ್ತು, ಸುಮ್ಮನೆ ಮಡಚಿದ ಬೆಳ್ಳಿ ಹಾಳೆ, ಅದರ ಮೇಲೆ ಕಾಗದದ ಹೊದಿಕೆ. ಅಂಗಡಿಯವನ ಮೇಲೆ ಬೊಟ್ಟು ಮಾಡಿದ ಉತ್ತರ ತಿರುಗಿ ಕಂಪನಿಯ ಮಡಿಲಿಗೇ ಬಿತ್ತು. ಮೇಲಿಂದ, ಮಾಲು ಮಾರಿಕೊಡಬೇಕಾದವನು ಅದೇ ಅಂಗಡಿಯವನು. ಟಿವಿಯಲ್ಲಿ ತನ್ನನ್ನೇ ಕಳ್ಳ ಮಾಡಿದ ಕಂಪನಿಯ ಮಾಲನ್ನು ಅವನು ಗಲ್ಲಾದ ಮುಂದೆ ಯಾಕೆ ಜೋಡಿಸಿಡಬೇಕು?

ಕ್ಯಾಡ್‌ಬರಿ ಬೇಗ ದಾರಿ ಬದಲಿಸಿತು. ‘ವಿಶ್ವಾಸ್’ ಅನ್ನುವ ಹೆಸರಿನಲ್ಲಿ ಸುಮಾರು 1 ಲಕ್ಷ 90 ಸಾವಿರ ಅಂಗಡಿಗಳಿಗೆ ಹೋಗಿ ಚಾಕಲೇಟ್ ಇಡುವುದು ಹೇಗೆ ಅಂತ ತಿಳಿಸುವ, ಮಾಲು ಪರಿಶೀಲಿಸುವ ಕಾರ್ಯಕ್ರಮ ಹಾಕಿತು. 2004ರ ಆರಂಭದಲ್ಲಿ ಬಿಸಿ ಮಾಡಿ ಅಂಟಿಸಿದ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಮತ್ತೊಂದು ಮುಚ್ಚಿದ ಪ್ಯಾಕ್ ಇರುವ ಹೊಸ ಡೈರಿ ಮಿಲ್ಕ್ ತಂದಿತು. ಆಮೇಲೆಯೇ ಅಮಿತಾಭ್ ಬಚ್ಚನ್ ಜಾಹೀರಾತಿಗೆ ಬಂದರು. ಪ್ಯಾಕ್ ಬದಲಾಗದೆ ಬಚ್ಚನ್ ಒಬ್ಬರೇ ಬಂದಿದ್ದರೆ ಏನಾಗುತ್ತಿತ್ತು ಅನ್ನುವುದು ಊಹೆಗೆ ಬಿಟ್ಟದ್ದು.

ಉತ್ತರ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತದೆ? ಎಷ್ಟು ಜನ ಬೈದರು ಅಂತ ಎಣಿಸಿದರೆ ಗೊತ್ತಾಗುವುದಿಲ್ಲ. ಸರಿಯಾದ ಉತ್ತರಕ್ಕೂ ಜನ ಬೈಯುತ್ತಾರೆ, ಸಿಟ್ಟು ಇಳಿಯಲು ದಿನ ಬೇಕು. ನೋಡಬೇಕಾದ್ದು ಅವರು ಕೇಳುವ ಪ್ರಶ್ನೆಯನ್ನು. ಉತ್ತರ ಹಾಕಿದ ಮೇಲೂ ‘ನನ್ನ ಬೀಗಕ್ಕೂ ಇದೆಯಾ?’, ‘ಈಗ ಏನು ಮಾಡ್ಬೇಕು?’ ಅಂತಲೇ ಕೇಳುತ್ತಿದ್ದರೆ ಉತ್ತರದಲ್ಲಿ ಅದು ಇಲ್ಲ, ಅಥವಾ ಇದ್ದರೂ ಅರ್ಥವಾಗುವ ಹಾಗಿಲ್ಲ. ‘ಬದಲಿ ಯಾವಾಗ ಬರ್ತದೆ?’, ‘ಕೊರಿಯರ್ ಚಾರ್ಜ್ ಯಾರದ್ದು?’ ಅಂತ ಪ್ರಶ್ನೆ ಮುಂದಕ್ಕೆ ಹೋಗಿದ್ದರೆ, ಸಿಟ್ಟಿನಲ್ಲೇ ಕೇಳಿದರೂ, ಜನ ಉತ್ತರವನ್ನು ನಂಬಿದ್ದಾರೆ ಅಂತ ಅರ್ಥ. ಡೀಲರ್‌ಗಳ ಫೋನೂ ಒಂದು ಅಳತೆಗೋಲು. ಗ್ರಾಹಕರಿಗೆ ಉತ್ತರ ಹಾಕುವ ಒಂದು ಗಂಟೆ ಮೊದಲು ಅಂಗಡಿಗಳಿಗೆ ಅದೇ ಉತ್ತರ ಮುಟ್ಟಿರಬೇಕು. ಕೌಂಟರಿನಲ್ಲಿ ನಿಂತ ಹುಡುಗ ‘ನಂಗೆ ಏನೂ ಗೊತ್ತಿಲ್ಲ’ ಅಂದರೆ ಕಂಪನಿಯ ಇಡೀ ಉತ್ತರ ಅಲ್ಲೇ ಸತ್ತುಹೋಗುತ್ತದೆ.

ಕೊನೆಗೆ ಕ್ರಿಪ್ಟೊನೈಟ್ ಕಥೆಯ ಒಂದು ಬಾಲ ಉಳಿದಿದೆ. ಗಲಾಟೆ ಜೋರಾದ ಮೇಲೆ ಹಳೆಯ ವಿಷಯವೊಂದು ಹೊರಗೆ ಬಂತು. ಇಂಥ ಉರುಟು ಕೀಯ ಸೈಕಲ್ ಬೀಗಗಳು ಪೆನ್ನಿನಿಂದ ತೆರೆಯುತ್ತವೆ ಅನ್ನುವುದನ್ನು ಬ್ರಿಟನ್ನಿನ ಒಂದು ಸೈಕಲ್ ಪತ್ರಿಕೆ 1992ರಲ್ಲೇ ಬರೆದಿತ್ತು. ಹನ್ನೆರಡು ವರ್ಷ ಹಿಂದೆ. ವೈರಲ್ ಆದ ದೂರಿಗೆ ಉತ್ತರ ಬರೆಯುವವರ ಕೈ ತಾನಾಗಿಯೇ ಬರೆಯುವ ಒಂದು ವಾಕ್ಯ ಇದೆ: ‘ಇಂಥ ದೂರು ನಮಗೆ ಇದೇ ಮೊದಲು.’ ಅದನ್ನು ಬರೆಯುವ ಮೊದಲು ಸರ್ವಿಸ್ ವಿಭಾಗದ ಹಳೆಯ ಫೈಲು, ಡೀಲರ್‌ಗಳು ಹಿಂದೆ ಕಳಿಸಿದ ಪತ್ರ, ಹಳೆಯ ಪತ್ರಿಕೆ ಎಲ್ಲ ತೆಗೆಸಿ ನೋಡಬೇಕಾಗುತ್ತದೆ. ನೋಡಲು ಪುರುಸೊತ್ತು ಇಲ್ಲದಿದ್ದರೆ ಆ ವಾಕ್ಯವನ್ನು ಬಿಟ್ಟುಬಿಡಬಹುದು. ಅದು ಇಲ್ಲದೆ ಇದ್ದರೆ ಯಾವ ಗ್ರಾಹಕನೂ ಹುಡುಕುವುದಿಲ್ಲ. ಇದ್ದರೆ ಮಾತ್ರ ಯಾರಾದರೂ ಒಬ್ಬ ಹಳೆಯ ಕಾಗದ ಹಿಡಿದುಕೊಂಡು ಬಂದೇ ಬರುತ್ತಾನೆ.